ಶೀಟಿನ ದಪ್ಪ ಕೇಳುವ ಮೊದಲು ಪರ್ಲಿನ್ ಅಂತರ ಅಳೆಯಿರಿ

ಹಾಸನದಲ್ಲೋ ಸಕಲೇಶಪುರದಲ್ಲೋ ಶೆಡ್ಡಿಗೆ ಶೀಟು ಕೊಳ್ಳಲು ಹೋದವರು ಮೊದಲು ಮಾತಾಡುವುದು ದಪ್ಪದ ಬಗ್ಗೆ. ಮಳೆ ಜಾಸ್ತಿ, 0.45 ಬೇಡ, 0.5 ಎಂಎಂ ಕೊಡಿ ಅನ್ನುತ್ತಾರೆ. ಶೀಟನ್ನು ಹೊರುವ ಅಡ್ಡ ಪೈಪುಗಳಾದ ಪರ್ಲಿನ್‌ಗಳ ನಡುವೆ ಎಷ್ಟು ಅಡಿ ಬಿಡಬೇಕು ಅನ್ನುವುದನ್ನು ವೆಲ್ಡಿಂಗ್ ಮಾಡುವವರಿಗೇ ಬಿಟ್ಟುಬಿಡುತ್ತಾರೆ. ಆದರೆ ಚಾವಣಿ ಬಾಗುತ್ತದೋ ಇಲ್ಲವೋ ಅನ್ನುವುದು ಬಹುಪಾಲು ನಿರ್ಧಾರವಾಗುವುದು ಆ ಅಂತರದಲ್ಲೇ.

ಕಾಲುಸಂಕ ದಾಟಿದವರಿಗೆ ಇದು ಗೊತ್ತು. ಹಳ್ಳ ಸ್ವಲ್ಪ ಅಗಲವಾದರೂ ಸಾಕು, ಅದೇ ಅಡಿಕೆ ಮರದ ಸಂಕ ಎಷ್ಟೋ ಪಟ್ಟು ಜಾಸ್ತಿ ಬಾಗುತ್ತದೆ. ಶೀಟಿಗೂ ಅದೇ ನಿಯಮ. ಮೇಲೆ ಭಾರ ಸಮನಾಗಿ ಹರಡಿದ್ದಾಗ, ಬಾಗು ಅಂತರದ ನಾಲ್ಕನೇ ಘಾತದಂತೆ ಏರುತ್ತದೆ. ಅಂದರೆ 4 ಅಡಿ ಇದ್ದ ಅಂತರವನ್ನು 6 ಅಡಿ ಮಾಡಿದರೆ, ಒಂದೂವರೆಯನ್ನು ನಾಲ್ಕು ಸಲ ಗುಣಿಸಿ ನೋಡಿ: ಬಾಗು ಐದು ಪಟ್ಟು. ಒಬ್ಬ ಮನುಷ್ಯ ನಡುವೆ ಕಾಲಿಟ್ಟಾಗ ಬರುವಂಥ ಒಂದೇ ಕಡೆಯ ಭಾರಕ್ಕೆ ಮೂರನೇ ಘಾತದ ಲೆಕ್ಕ, ಆಗಲೂ ಮೂರು ಪಟ್ಟಿಗಿಂತ ಜಾಸ್ತಿ.

ದಪ್ಪದ ಕಥೆ ಬೇರೆ. ಅದು ಬಿಗಿತವನ್ನು ತನ್ನಷ್ಟೇ ಪ್ರಮಾಣದಲ್ಲಿ ಹೆಚ್ಚಿಸುತ್ತದೆ. 0.45ರಿಂದ 0.5ಕ್ಕೆ ಹೋದರೆ ಬಾಗು ಶೇಕಡಾ 10ರಷ್ಟು ಕಡಿಮೆಯಾಗುತ್ತದೆ, ಅಷ್ಟೇ. ಅದೂ ಉಕ್ಕು ನಿಜವಾಗಿ ಅಷ್ಟು ದಪ್ಪ ಇದ್ದರೆ. ಕಲರ್ ಶೀಟಿನ ಮೇಲೆ ಬರೆದ ದಪ್ಪದಲ್ಲಿ ಎಷ್ಟೋ ಸಲ ಲೇಪ, ಬಣ್ಣ ಎರಡೂ ಸೇರಿರುತ್ತವೆ. ಹಾಗಾಗಿ ಅಂಗಡಿಯಲ್ಲಿ ಒಳಗಿನ ಉಕ್ಕಿನ ದಪ್ಪ ಎಷ್ಟು ಅಂತಲೇ ಕೇಳಬೇಕು. 'ಹೈ ಟೆನ್ಸೈಲ್' ಅನ್ನುವ ಮಾತೂ ಕೇಳಿರುತ್ತೀರಿ. ಅಂಥ ಉಕ್ಕು ಮುರುಟಿಹೋಗುವ ಮುಂಚೆ ಹೆಚ್ಚು ಭಾರ ತಡೆಯುತ್ತದೆ, ಅದು ನಿಜ. ಆದರೆ ಗಟ್ಟಿ ಉಕ್ಕಾಗಲಿ ಸಾದಾ ಉಕ್ಕಾಗಲಿ, ಒಂದೇ ಭಾರಕ್ಕೆ ಒಂದೇ ಅಳತೆ ಬಾಗುತ್ತದೆ. ಬಾಗು ತಪ್ಪಿಸಲೆಂದು ಅದಕ್ಕೆ ದುಡ್ಡು ಕೊಡುವುದರಲ್ಲಿ ಅರ್ಥವಿಲ್ಲ.

ಶೀಟಿನ ಆಕಾರ ಮಾತ್ರ ದಪ್ಪಕ್ಕಿಂತ ಬಹಳ ಹೆಚ್ಚು ಕೆಲಸ ಮಾಡುತ್ತದೆ. ಬಿಗಿತ ಏರುವುದು ಉಬ್ಬಿನ ಎತ್ತರದ ವರ್ಗದಂತೆ. ಹಳೆಯ ಅಲೆ ಅಲೆ ಜಿಂಕ್ ಶೀಟಿನ ಅಲೆ ಸುಮಾರು 18 ಎಂಎಂ ಎತ್ತರ. ಈಗ ಜಾಸ್ತಿ ಬಳಸುವ ಚಪ್ಪಟೆ ನೆತ್ತಿಯ ಉಬ್ಬಿನ ಶೀಟು 28ರಿಂದ 30 ಎಂಎಂ. ಎರಡನ್ನೂ ಒಂದೇ 0.5 ಎಂಎಂ ಉಕ್ಕಿನಲ್ಲಿ ಮಾಡಿದ್ದರೂ ಎರಡನೆಯದರ ಬಿಗಿತ ಹತ್ತಿರಹತ್ತಿರ ಮೂರು ಪಟ್ಟು. ಶೀಟಿನ ತುದಿ ಹಿಡಿದು ಸ್ಕೇಲಿನಲ್ಲಿ ಉಬ್ಬು ಅಳೆಯುವುದಕ್ಕೆ ಅರ್ಧ ನಿಮಿಷ ಸಾಕು. ಉಬ್ಬುಗಳ ನಡುವಿನ ಚಪ್ಪಟೆ ಜಾಗ ತೀರಾ ಅಗಲ ಇದ್ದರೆ ಆ ಶೀಟು ಬೇಡ. ನೋಡಲು ಚೆಂದ, ಆದರೆ ಕಾಲಿಟ್ಟ ಕಡೆ ಭಾರ ಹಂಚಿಕೊಳ್ಳಲು ಹತ್ತಿರದಲ್ಲಿ ಉಬ್ಬೇ ಇರುವುದಿಲ್ಲ.

ಈಗ ಒಂದು ಶೆಡ್ಡಿನ ಲೆಕ್ಕ ಹಾಕೋಣ. ಕಾಫಿ ಮೂಟೆ ಇಡುವ 40 ಅಡಿ ಉದ್ದದ ಗೋದಾಮು, ಎರಡು ಕಡೆ ಇಳಿಜಾರು. ಮೇಲಿನ ಪರ್ಲಿನ್‌ನಿಂದ ಕೆಳಗಿನ ಪರ್ಲಿನ್‌ಗೆ 18 ಅಡಿ. ಸಾಮಾನ್ಯವಾಗಿ ಇದನ್ನು 6, 6, 6 ಅಂತ ಹಂಚಿ ನಾಲ್ಕು ಪರ್ಲಿನ್ ಹಾಕುತ್ತಾರೆ. ನಾನಾದರೆ 4, 5, 5, 4 ಅಂತ ಹಂಚಿ ಐದು ಹಾಕಿಸುತ್ತೇನೆ.

ತುದಿಗಳಲ್ಲಿ ಅಂತರ ಯಾಕೆ ಕಡಿಮೆ? ಒಂದೇ ಉದ್ದದ ಶೀಟು ಹಲವು ಪರ್ಲಿನ್‌ಗಳ ಮೇಲೆ ಹಾದುಹೋದಾಗ, ಪಕ್ಕದ ಅಂಕಣದ ಭಾರವೇ ಈ ಅಂಕಣವನ್ನು ಬಾಗದಂತೆ ಹಿಡಿದಿರುತ್ತದೆ. ನಡುವಿನ ಅಂಕಣಕ್ಕೆ ಎರಡೂ ಕಡೆ ಈ ಹಿಡಿತ ಉಂಟು. ತುದಿಯದಕ್ಕೆ ಒಂದೇ ಕಡೆ. ಹಾಗಾಗಿ ಅಂತರ ಒಂದೇ ಇದ್ದರೂ ತುದಿ ಹೆಚ್ಚು ಬಾಗುತ್ತದೆ. ಗಾಳಿ ಶೀಟನ್ನು ಮೇಲಕ್ಕೆ ಜೋರಾಗಿ ಎಳೆಯುವುದೂ ಸೂರಿನ ಮತ್ತು ಚಾವಣಿಯ ನೆತ್ತಿಯ ಅಂಚುಗಳಲ್ಲೇ. ಅದಕ್ಕೇ ಅಲ್ಲಿ ಸ್ಕ್ರೂ ಕೂಡ ಒತ್ತೊತ್ತಾಗಿರಬೇಕು.

ಈ ಹಂಚಿಕೆಯಿಂದ, ಹೆಚ್ಚು ಬಾಗುವ ತುದಿಯ ಬಾಗು ಮೊದಲಿನ ಐದರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. ಇದಕ್ಕೆ ಬೇಕಾಗುವುದು ಎರಡೂ ಕಡೆ ಸೇರಿ 80 ಅಡಿ ಪೈಪ್ ಹೆಚ್ಚುವರಿ. 80×40 ಎಂಎಂ, 2.6 ಎಂಎಂ ದಪ್ಪದ ಬಾಕ್ಸ್ ಪೈಪ್ ಆದರೆ ಸುಮಾರು 115 ಕೆಜಿ. ಅದೇ ಚಾವಣಿಯ ಶೀಟನ್ನು 0.45ರಿಂದ 0.5ಕ್ಕೆ ಏರಿಸಿದರೆ ಹೆಚ್ಚುವ ಉಕ್ಕು ಸುಮಾರು 65 ಕೆಜಿ, ಸಿಗುವುದು ಆ ಶೇಕಡಾ 10. ನಿಮ್ಮ ದುಡ್ಡು ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದು ಇಲ್ಲೇ ಕಾಣುತ್ತದೆ, ಅಲ್ವಾ?

ಪರ್ಲಿನ್ ಕೂಡ ಬಾಗುವ ವಸ್ತುವೇ ಅನ್ನುವುದನ್ನು ಮರೆಯಬಾರದು. ಪರ್ಲಿನ್ ಹೊರುವ ತ್ರಿಕೋನ ಚೌಕಟ್ಟುಗಳಾದ ಟ್ರಸ್‌ಗಳ ನಡುವೆ 10 ಅಡಿ ಇದ್ದರೆ, ಇಂಥ ಶೀಟು ಹೊತ್ತ ಪರ್ಲಿನ್ 20 ಎಂಎಂ ಒಳಗೇ ಬಾಗಬೇಕು ಅನ್ನುತ್ತದೆ ನಮ್ಮ ಉಕ್ಕಿನ ಸಂಹಿತೆ, ಐಎಸ್ 800. ಕಟ್ಟಡದ ಭಾರಗಳ ಸಂಹಿತೆಯಾದ ಐಎಸ್ 875 ಕಡಿಮೆ ಇಳಿಜಾರಿನ ಚಾವಣಿಗೆ ಹೇಳುವ ಚದರ ಮೀಟರಿಗೆ 75 ಕೆಜಿ ಭಾರ ಇಟ್ಟು ನೋಡಿದರೆ, ಮೇಲಿನ ಪೈಪನ್ನು 80 ಎಂಎಂ ಬದಿ ನೆಟ್ಟಗೆ ನಿಲ್ಲುವಂತೆ ಹಾಕಿದಾಗ ಬಾಗು ಸುಮಾರು 14 ಎಂಎಂ. ಅದನ್ನೇ ಮಲಗಿಸಿ ಹಾಕಿದರೆ 40 ದಾಟುತ್ತದೆ. ಶೀಟು ಕೂರಲು ಅಗಲ ಸಿಗುತ್ತೆ ಅಂತ ಪೈಪ್ ಮಲಗಿಸಿದ ಶೆಡ್ಡುಗಳು ನಮ್ಮ ಕಡೆ ಬೇಕಾದಷ್ಟಿವೆ.

ಶೀಟನ್ನು ನಿಜವಾಗಿ ಕೆಡಿಸುವುದು ಮಳೆಯಲ್ಲ. ನೀರು ಹರಿದು ಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ಸಿಲ್ವರ್ ಓಕ್ ಎಲೆ ಗುಡಿಸಲು ಹತ್ತಿದವರ ಹೆಜ್ಜೆ ಕೆಡಿಸುತ್ತದೆ. ಇಡೀ ಮೈಭಾರ ಒಂದೆರಡು ಉಬ್ಬಿನ ಮೇಲೆ ಬಿದ್ದಾಗ, ಉಬ್ಬಿನ ತೆಳು ನೆತ್ತಿ ಒತ್ತಿಹೋಗಿ ಮಡಿಚಿಕೊಳ್ಳುತ್ತದೆ. ಬರೀ ಬಾಗಿದ್ದರೆ ಕಾಲು ತೆಗೆದ ಕೂಡಲೇ ಸರಿಹೋಗುತ್ತಿತ್ತು. ಮಡಿಚಿಕೊಂಡ ಉಬ್ಬು ಹಾಗೇ ಉಳಿಯುತ್ತದೆ, ಆ ಜಾಗ ಮುಂದೆ ಪ್ರತಿ ಭಾರಕ್ಕೂ ಮೊದಲು ಕುಸಿಯುತ್ತದೆ. ಅದಕ್ಕೇ ನಡೆಯುವಾಗ ಸ್ಕ್ರೂ ಸಾಲಿನ ಮೇಲೆ, ಅಂದರೆ ಪರ್ಲಿನ್ ಇರುವಲ್ಲೇ, ಉಬ್ಬುಗಳ ನಡುವಿನ ತಗ್ಗಿನಲ್ಲಿ ಕಾಲಿಡಬೇಕು.

ನಿಮ್ಮ ಶೆಡ್ಡು ಬಾಗಿದೆಯೋ ಅಂತ ತಿಳಿಯಲು ಗೋಡೆಗೆ ಏಣಿ ಇಟ್ಟು ಸೂರಿನ ಮಟ್ಟದಲ್ಲಿ ಕಣ್ಣಿಟ್ಟು ಒಂದು ಉಬ್ಬಿನ ಉದ್ದಕ್ಕೆ ಚಾವಣಿಯ ನೆತ್ತಿಯವರೆಗೂ ನೋಡಿ. ಪರ್ಲಿನ್‌ಗಳ ನಡುವೆ ಗೆರೆ ಕೆಳಗಿಳಿದು ಮತ್ತೆ ಏಳುವುದು ಕಾಣುತ್ತದೆ. ಇಳಿಜಾರು ಕಡಿಮೆ ಇದ್ದರೆ ಮಳೆ ನಿಂತ ಮೇಲೂ ಅಲ್ಲಿ ನೀರು ನಿಲ್ಲುತ್ತದೆ, ಎಲೆ ಕೊಳೆತು ಕಪ್ಪು ಕಲೆ ಉಳಿಯುತ್ತದೆ. ಸ್ಕ್ರೂ ತೂತು ಉದ್ದುದ್ದ ಆಗಿ ವಾಷರ್ ಸುತ್ತ ಸೋರುತ್ತಿದ್ದರೆ, ಶೀಟು ಗಾಳಿಗೆ ಮೇಲೆ ಕೆಳಗೆ ಆಡುತ್ತಿದೆ ಅಂತಲೇ ತಿಳಿಯಬೇಕು.

ಆಗಲೇ ಕಟ್ಟಿದ ಶೆಡ್ಡಿನ 6 ಅಡಿ ಅಂಕಣದ ನಡುವೆ ಇನ್ನೊಂದು ಪರ್ಲಿನ್ ಸೇರಿಸಬಹುದು. ಅದು ಶೀಟಿಗೆ ತಾಗುವಷ್ಟು ಮೇಲಿರಬೇಕು, ಅದಕ್ಕೂ ಸ್ಕ್ರೂ ಹಾಕಬೇಕು. ಆದರೆ ಟ್ರಸ್ ನೋಡಿಕೊಳ್ಳಿ. ಪರ್ಲಿನ್ ಕೂರಬೇಕಾದದ್ದು ಟ್ರಸ್ಸಿನ ಓರೆ ಪೈಪುಗಳು ಮೇಲಿನ ಪೈಪನ್ನು ಸೇರುವ ಗಂಟಿನ ಮೇಲೆ. ಎರಡು ಗಂಟುಗಳ ನಡುವೆ ಕೂರಿಸಿದರೆ ಟ್ರಸ್ಸಿನ ಮೇಲಿನ ಪೈಪೇ ಬಾಗಲು ಶುರುವಾಗುತ್ತದೆ. ಅಲ್ಲಿಗೆ ಕೆಳಗಿನಿಂದ ಒಂದು ತುಂಡು ಪೈಪು ಆನಿಸಿ ವೆಲ್ಡ್ ಮಾಡಬೇಕಾದೀತು, ಅದನ್ನು ಎಂಜಿನಿಯರ್ ನೋಡಿದ ಮೇಲೇ ಮಾಡಿಸಿ. ಹೊಸ ಶೆಡ್ಡಾದರೆ ಈ ತೊಂದರೆಯೇ ಇಲ್ಲ: ಮೊದಲು ಶೀಟು, ಆಮೇಲೆ ಪರ್ಲಿನ್ ಅಂತರ, ಅದಕ್ಕೆ ತಕ್ಕ ಹಾಗೆ ಗಂಟುಗಳನ್ನಿಟ್ಟು ಕೊನೆಗೆ ಟ್ರಸ್.