ಗ್ಯಾಮಟ್: ಪರದೆಯ ನೀಲಿ ಕಾಗದದ ಮೇಲೆ ನೇರಳೆಯಾಗುವುದೇಕೆ?

ಒಂದು ಸಾಧನ ತೋರಿಸಬಲ್ಲ ಎಲ್ಲ ಬಣ್ಣಗಳ ಒಟ್ಟು ಹರವಿಗೆ ಗ್ಯಾಮಟ್ ಎನ್ನುತ್ತಾರೆ. ಮೊಬೈಲ್ ಪರದೆಗೆ ಒಂದು ಗ್ಯಾಮಟ್, ಆರ್ಟ್ ಪೇಪರ್ ಮೇಲಿನ ಆಫ್‌ಸೆಟ್ ಮುದ್ರಣಕ್ಕೆ ಇನ್ನೊಂದು, ಮ್ಯಾಪ್ಲಿಥೋದಂಥ ಹೊಳಪಿಲ್ಲದ ಕಾಗದಕ್ಕೆ ಅದಕ್ಕಿಂತ ಕಿರಿದಾದ ಮತ್ತೊಂದು. ಪರದೆಯಲ್ಲಿ ಕಾಣುವ ಬಣ್ಣ ಕಾಗದದ ಹರವಿನಲ್ಲಿ ಇಲ್ಲದಿದ್ದರೆ ಪ್ರೆಸ್‌ನವರು ಎಷ್ಟೇ ಇಂಕ್ ಸುರಿದರೂ ಅದು ಬರುವುದಿಲ್ಲ. ಹರವಿನೊಳಗಿನ ಯಾವುದೋ ಹತ್ತಿರದ ಬಣ್ಣ ಅದರ ಜಾಗಕ್ಕೆ ಬಂದು ಕೂರುತ್ತದೆ. ಆ ಹತ್ತಿರದ ಬಣ್ಣ ಯಾವುದು ಅನ್ನುವುದನ್ನು ನಾವೇ ಮೊದಲು ತೀರ್ಮಾನಿಸುವುದಕ್ಕೆ ಕಲರ್ ಮ್ಯಾನೇಜ್‌ಮೆಂಟ್ ಎಂದು ಹೆಸರು. ತೀರ್ಮಾನಿಸದೆ ಬಿಟ್ಟರೆ ಸಾಫ್ಟ್‌ವೇರ್ ತನ್ನ ಲೆಕ್ಕದಂತೆ ತೀರ್ಮಾನಿಸುತ್ತದೆ.

ಮೈಸೂರಿನಲ್ಲಿ ಈ ತೊಂದರೆ ಎದ್ದು ಕಾಣುವುದು ದಸರೆಯ ಮುಂಚಿನ ವಾರಗಳಲ್ಲಿ. ಸಂಗೀತ ಕಛೇರಿಯ ಆಹ್ವಾನ ಪತ್ರಿಕೆ, ಬಡಾವಣೆಯ ಗೊಂಬೆ ಪ್ರದರ್ಶನದ ಕರಪತ್ರ, ಅಂಗಡಿಯ ರಿಯಾಯಿತಿ ಚೀಟಿ, ಎಲ್ಲದರ ಮೇಲೂ ದೀಪ ಹೊತ್ತಿದ ಅರಮನೆ ಬೇಕು. ಈಗ ಆ ಚಿತ್ರವನ್ನು ಬಹಳ ಮಂದಿ ಎಐ ಚಿತ್ರ ತಂತ್ರಾಂಶಕ್ಕೆ ಪ್ರಾಂಪ್ಟ್ ಬರೆದು ತಯಾರಿಸುತ್ತಾರೆ. ಬರುವ ಚಿತ್ರದಲ್ಲಿ ಆಕಾಶ ಮಿರುಗುವ ನೀಲಿ, ಅರಮನೆಯ ಸುತ್ತ ಚಿನ್ನದ ಪ್ರಭೆ. ವಾಟ್ಸಾಪ್‌ನಲ್ಲಿ ನೋಡಿದವರೆಲ್ಲ ಒಪ್ಪುತ್ತಾರೆ. ಅಚ್ಚಾಗಿ ಬಂದ ಕಾರ್ಡಿನಲ್ಲಿ ಮಾತ್ರ ಆಕಾಶ ಮಂಕು ನೇರಳೆ, ಪ್ರಭೆಯಿದ್ದ ಕಡೆ ಕಂದು ಮಿಶ್ರಿತ ಹಳದಿ. ಬೈಗುಳ ಬೀಳುವುದು ಮಷಿನ್ ನಡೆಸಿದವರಿಗೆ. ಆದರೆ ಅವರ ಕೈಗೆ ಪ್ಲೇಟ್ ಬರುವ ಹೊತ್ತಿಗೆ ಆ ನೀಲಿ ಕಡತದಿಂದಲೇ ಹೋಗಿರುತ್ತದೆ.

ಹೋಗುವುದು ಹೇಗೆ? ಪರದೆ ಬೆಳಕನ್ನು ತಾನೇ ಹೊರಸೂಸುತ್ತದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳಲ್ಲಿ ನೀಲಿಯೊಂದನ್ನೇ ಪೂರ್ತಿ ಹೊತ್ತಿಸಿದರೆ ಆರ್‌ಜಿಬಿಯ 0, 0, 255 ಸಿಗುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಳಿ ಬೆಳಕಿನಲ್ಲಿ ಒಂದಿಷ್ಟನ್ನು ಇಂಕ್ ಹೀರಿಕೊಂಡು, ಉಳಿದದ್ದು ನಮ್ಮ ಕಣ್ಣಿಗೆ ಬರುತ್ತದೆ. ಸಯಾನ್, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಇಂಕ್‌ಗಳ ಸಿಎಂವೈಕೆ ಮುದ್ರಣದಲ್ಲಿ ನೀಲಿ ಇಂಕ್ ಎಂಬುದೇ ಇಲ್ಲ. ಸಯಾನ್ ಮೇಲೆ ಮಜೆಂಟಾ ಕೂರಿಸಿ ನೀಲಿ ಹುಟ್ಟಿಸಬೇಕು. ಸಯಾನ್ ಕೆಂಪು ಬೆಳಕನ್ನು, ಮಜೆಂಟಾ ಹಸಿರು ಬೆಳಕನ್ನು ಹೀರಿದರೆ ನೀಲಿ ಉಳಿಯಬೇಕು ಎನ್ನುವುದು ಪಠ್ಯಪುಸ್ತಕದ ಲೆಕ್ಕ. ನಿಜವಾದ ಇಂಕ್ ಅಷ್ಟು ಶುದ್ಧವಾಗಿರುವುದಿಲ್ಲ. ಸಯಾನ್ ಇಂಕ್ ಕೆಂಪಿನ ಜೊತೆಗೆ ಸ್ವಲ್ಪ ಹಸಿರನ್ನೂ ನೀಲಿಯನ್ನೂ ಹೀರುತ್ತದೆ. ಮಜೆಂಟಾ ಹಸಿರಿನ ಜೊತೆಗೆ ನೀಲಿಯನ್ನೂ ಒಂದಷ್ಟು ತಿನ್ನುತ್ತದೆ. ನಾವು ಉಳಿಸಿಕೊಳ್ಳಬೇಕಾದ ನೀಲಿ ಬೆಳಕನ್ನೇ ಎರಡೂ ಕಡೆಯಿಂದ ಕಳೆದುಕೊಳ್ಳುತ್ತೇವೆ.

ಎಷ್ಟು ಕಳೆಯುತ್ತದೆ ಎಂದು ಅಳೆಯುವುದಕ್ಕೆ ಲ್ಯಾಬ್ ಎಂಬ ಬಣ್ಣದ ಅಳತೆ ಇದೆ. ಅದರಲ್ಲಿ ಪರದೆಯ ಶುದ್ಧ ನೀಲಿಯ ಸಾಂದ್ರತೆ, ಅಂದರೆ ಬಣ್ಣದ ತೀವ್ರತೆ, ಸುಮಾರು 130. ಒಳ್ಳೆಯ ಆರ್ಟ್ ಪೇಪರ್ ಮೇಲೆ ಸಯಾನ್ ಮತ್ತು ಮಜೆಂಟಾ ಎರಡನ್ನೂ ಶೇ. 100 ಹೊಡೆದರೆ ಸಿಗುವುದು 50ರ ಆಸುಪಾಸು. ಅರ್ಧವೂ ಇಲ್ಲ.

ಬಣ್ಣ ಮಂಕಾದದ್ದಕ್ಕೆ ಇಷ್ಟು ಕಾರಣ ಸಾಕು. ನೇರಳೆಯಾದದ್ದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಆರ್‌ಜಿಬಿಯಿಂದ ಸಿಎಂವೈಕೆಗೆ ಬದಲಿಸುವಾಗ ಒಂದೊಂದು ಸಾಧನದ ಬಣ್ಣಗಳನ್ನು ವಿವರಿಸುವ ಐಸಿಸಿ ಪ್ರೊಫೈಲ್‌ಗಳ ಲೆಕ್ಕ ಸಾಮಾನ್ಯವಾಗಿ ಲ್ಯಾಬ್ ಮೂಲಕವೇ ನಡೆಯುತ್ತದೆ. ವರ್ಣ ಯಾವುದೆಂದು ಸೂಚಿಸುವ ಕೋನವನ್ನು ಹಾಗೆಯೇ ಇಟ್ಟುಕೊಂಡು ಸಾಂದ್ರತೆಯನ್ನಷ್ಟೇ ಇಳಿಸುವುದು ಅದರ ಉದ್ದೇಶ. ಆದರೆ ನೀಲಿಯ ಭಾಗದಲ್ಲಿ ಲ್ಯಾಬ್ ನಮ್ಮ ಕಣ್ಣಿಗೆ ಸರಿಹೊಂದುವುದಿಲ್ಲ. ಅದೇ ಕೋನದಲ್ಲಿ ಸಾಂದ್ರತೆ ಇಳಿದಂತೆ ಕಣ್ಣಿಗೆ ನೀಲಿ ಹೋಗಿ ನೇರಳೆ ಕಾಣತೊಡಗುತ್ತದೆ. ಫೋಟೋಶಾಪ್‌ನಲ್ಲಿ ಬಹುಕಾಲ ಡಿಫಾಲ್ಟ್ ಆಗಿದ್ದ `U.S. Web Coated (SWOP) v2` ಪ್ರೊಫೈಲ್‌ನಲ್ಲಿ ಶುದ್ಧ ನೀಲಿಯನ್ನು ಬದಲಿಸಿ ನೋಡಿ: ಸಯಾನ್ 88, ಮಜೆಂಟಾ 77ರಷ್ಟು ಬರುತ್ತದೆ. ಎರಡರ ನಡುವೆ ಅಂತರ ಬರೀ 11. ಅಚ್ಚಿನಲ್ಲಿ ನೀಲಿ ನೀಲಿಯಾಗಿಯೇ ಕಾಣಬೇಕಾದರೆ ಮಜೆಂಟಾ ಸಯಾನ್‌ಗಿಂತ ಕಡೇಪಕ್ಷ 30 ಕೆಳಗಿರಬೇಕು ಎನ್ನುವುದು ಈ ಕಸುಬಿನಲ್ಲಿ ಬಹಳ ಮಂದಿ ಪಾಲಿಸುವ ಲೆಕ್ಕ. ಸಯಾನ್ 100ಕ್ಕೆ ಮಜೆಂಟಾ 60ರಿಂದ 70. ಡಿಟಿಪಿ ಮಾಡುವವರು ಬೇರೆಲ್ಲ ಮರೆತರೂ ಈ ಸಂಖ್ಯೆಯೊಂದನ್ನು ನೆನಪಿಟ್ಟರೆ ಎಷ್ಟೋ ಕಾರ್ಡುಗಳು ಉಳಿಯುತ್ತವೆ.

ಎಲ್ಲ ಬಣ್ಣವೂ ಹೀಗೆ ಕೈಕೊಡುವುದಿಲ್ಲ. ಹಳದಿ ಬಹಳ ನಂಬಿಕಸ್ತ. ಅರಿಶಿನ, ಚೆಂಡುಹೂವು, ಇಟ್ಟಿಗೆ ಕೆಂಪು, ಕುಂಕುಮದ ಕೆಂಪು ಇವೆಲ್ಲ ಕಾಗದದ ಮೇಲೆ ಚೆನ್ನಾಗಿ ನಿಲ್ಲುತ್ತವೆ. ಶುದ್ಧ ಸಯಾನ್ ಅಂತೂ ಸಾಮಾನ್ಯ ಎಸ್‌ಆರ್‌ಜಿಬಿ ಪರದೆಯ ಹರವಿನ ಹೊರಗೇ ಇದೆ, ಅಂದರೆ ಅಲ್ಲಿ ಕಾಗದದ್ದೇ ಮೇಲುಗೈ. ಕೈಕೊಡುವುದು ಮುಖ್ಯವಾಗಿ ಮಿರುಗುವ ನೀಲಿ, ಗಿಳಿಹಸಿರಿಗಿಂತ ತೀಕ್ಷ್ಣವಾದ ಹಸಿರು, ನಿಯಾನ್ ಗುಲಾಬಿ ಮತ್ತು ಕಿತ್ತಳೆ. ಮಂಡ್ಯದ ಕಡೆ ಬೆಲ್ಲದ ಪೊಟ್ಟಣದ ಲೇಬಲ್ ಮಾಡಿಸುವವರಿಗೆ ನೀಲಿಗಿಂತ ಕಬ್ಬಿನ ಹಸಿರೇ ಹೆಚ್ಚು ತಲೆನೋವು, ಆದರೆ ಕಾರಣ ಇದೇ.

ಈಗ ಪ್ರಾಂಪ್ಟ್‌ಗೆ ಬರೋಣ. ಅರಮನೆಯ ಚಿತ್ರಕ್ಕೆ ಸಾಮಾನ್ಯವಾಗಿ ಬರೆಯುವುದು ಹೀಗೆ:

```
ರಾತ್ರಿ ದೀಪಾಲಂಕಾರದ ಮೈಸೂರು ಅರಮನೆ, ಎಲೆಕ್ಟ್ರಿಕ್ ನೀಲಿ
ಆಕಾಶ, ಹೊಳೆಯುವ ಚಿನ್ನದ ಪ್ರಭೆ, ನಿಯಾನ್, ವೈಬ್ರೆಂಟ್,
ಸಿಎಂವೈಕೆ ಪ್ರಿಂಟ್
```

ಕೊನೆಯ ಪದದಿಂದ ಯಾವ ಉಪಯೋಗವೂ ಇಲ್ಲ. ಇಂಥ ತಂತ್ರಾಂಶಗಳು ಕೊಡುವುದು ಆರ್‌ಜಿಬಿ ಕಡತವನ್ನೇ. ಪ್ರಾಂಪ್ಟ್‌ನಲ್ಲಿ ಸಿಎಂವೈಕೆ ಎಂದು ಬರೆದರೆ ಕಡತದ ಬಗೆ ಬದಲಾಗುವುದಿಲ್ಲ. ಎಲೆಕ್ಟ್ರಿಕ್, ಪ್ರಭೆ, ನಿಯಾನ್, ವೈಬ್ರೆಂಟ್ ಎಂಬ ಪದಗಳು ಮಾತ್ರ ಚಿತ್ರವನ್ನು ನೇರವಾಗಿ ಗ್ಯಾಮಟ್‌ನ ಆಚೆಗೆ ಎಳೆಯುತ್ತವೆ. ಬದಲಿಗೆ ಇದನ್ನು ಬರೆಯಬಹುದು:

```
ಮುಸ್ಸಂಜೆಯ ಮೈಸೂರು ಅರಮನೆ, ಗವಾಶ್ ಬಣ್ಣದ ಮ್ಯಾಟ್ ಚಿತ್ರ,
ಹಳೆಯ ಅಚ್ಚಿನ ಪೋಸ್ಟರ್ ಶೈಲಿ, ತುಸು ಹಸಿರು ಬೆರೆತ ಇಂಡಿಗೋ
ನೀಲಿ ಆಕಾಶ, ಅರಿಶಿನ ಹಳದಿ ದೀಪದ ಚುಕ್ಕೆಗಳು, ಇಟ್ಟಿಗೆ ಕೆಂಪು
ಗುಮ್ಮಟಗಳು, ಕೆನೆಬಣ್ಣದ ಕಾಗದ, ಒಟ್ಟು ಐದೇ ಬಣ್ಣ
```

ಇಲ್ಲಿ ಬದಲಾದದ್ದೇನು ಎಂದು ನೋಡಿ. ಗವಾಶ್, ಇಂಡಿಗೋ, ಅರಿಶಿನ ಇವೆಲ್ಲ ಕಾಗದದ ಮೇಲೋ ಬಟ್ಟೆಯ ಮೇಲೋ ನಿಜವಾಗಿ ಇರುವ ಬಣ್ಣಗಳು, ಬೆಳಕನ್ನು ಹೀರಿ ತೋರಿಸುವಂಥವು. ಅವುಗಳ ಹೆಸರು ಹೇಳಿದರೆ ತಂತ್ರಾಂಶ ಬಹುಮಟ್ಟಿಗೆ ಕಾಗದಕ್ಕೆ ಒಗ್ಗುವ ಬಣ್ಣವನ್ನೇ ಆರಿಸುತ್ತದೆ. #1F4E8C ಎಂಬಂಥ ಸಂಖ್ಯೆಯನ್ನು ಕೊಟ್ಟರೂ ಅದನ್ನು ಅಕ್ಷರಶಃ ಪಾಲಿಸುತ್ತದೆಂಬ ಖಾತ್ರಿಯಿಲ್ಲ, ಹಾಗಾಗಿ ನನ್ನ ಒಲವು ವಸ್ತುವಿನ ಹೆಸರಿನ ಕಡೆಗೇ. "ತುಸು ಹಸಿರು ಬೆರೆತ" ಎಂದದ್ದು ನೀಲಿಯನ್ನು ಸಯಾನ್ ಕಡೆಗೆ ತಳ್ಳಲು. ನೇರಳೆಗೆ ಜಾರುವ ಮೊದಲೇ ಅದನ್ನು ಎದುರು ದಿಕ್ಕಿಗೆ ಸರಿಸಿದಂತೆ. ಪ್ರಭೆಯ ಜಾಗದಲ್ಲಿ ಚುಕ್ಕೆಗಳನ್ನು ಕೇಳಿದ್ದೂ ಬೇಕೆಂದೇ. ಕಾಗದದ ಬಿಳುಪಿಗಿಂತ ಬೆಳಗಿದ್ದು ಅಚ್ಚಿನಲ್ಲಿ ಇರಲಾರದು. ಗಾಢ ನೀಲಿಯ ನಡುವೆ ಚೊಕ್ಕ ಹಳದಿ ಚುಕ್ಕೆ ಇಟ್ಟರೆ ಅದು ಉರಿಯುವಂತೆ ಕಾಣುತ್ತದೆ, ಅದೇ ಹಳದಿಯನ್ನು ನೀಲಿಯೊಳಗೆ ಮಂಜಿನಂತೆ ಹರಡಿದರೆ ಎರಡೂ ಸೇರಿ ಕೆಸರಾಗುತ್ತವೆ. ಅರಮನೆಯ ನಿಜವಾದ ಅಲಂಕಾರವೂ ಸುಮಾರು 1 ಲಕ್ಷ ಬಿಡಿ ಬಲ್ಬುಗಳ ಸಾಲೇ ಅಲ್ಲವೇ, ಆದ್ದರಿಂದ ಚಿತ್ರಕ್ಕೇನೂ ಅನ್ಯಾಯವಾಗುವುದಿಲ್ಲ.

"ನಿಯಾನ್ ಬೇಡ" ಎಂದು ಪ್ರಾಂಪ್ಟ್‌ನೊಳಗೆ ಬರೆಯಬೇಡಿ. ಎಷ್ಟೋ ತಂತ್ರಾಂಶಗಳು "ಬೇಡ" ಎಂಬುದನ್ನು ಬಿಟ್ಟು ನಿಯಾನನ್ನೇ ಹಿಡಿದುಕೊಳ್ಳುತ್ತವೆ. ಬೇಡದ್ದನ್ನು ಬರೆಯಲು ಬೇರೆ ಖಾನೆ ಇದ್ದರೆ ಅಲ್ಲಿ ಬರೆಯಿರಿ, ಇಲ್ಲದಿದ್ದರೆ ಆ ಪದವನ್ನೇ ಎತ್ತಬೇಡಿ.

ಪ್ರಾಂಪ್ಟ್ ಎಷ್ಟೇ ಎಚ್ಚರದಿಂದ ಬರೆದರೂ ಚಿತ್ರವನ್ನು ಪರೀಕ್ಷಿಸಲೇಬೇಕು. ಪ್ರೆಸ್‌ನವರನ್ನು ಯಾವ ಪ್ರೊಫೈಲ್ ಬಳಸುತ್ತೀರಿ, ಯಾವ ಕಾಗದ ಎಂದು ಮೊದಲೇ ಕೇಳಿ. ಫೋಟೋಶಾಪ್‌ನ `View > Proof Setup > Custom` ನಲ್ಲಿ ಆ ಪ್ರೊಫೈಲ್ ಆರಿಸಿ `Ctrl+Y` ಒತ್ತಿದರೆ ಅಚ್ಚಾದ ಮೇಲೆ ಚಿತ್ರ ಸುಮಾರಾಗಿ ಹೇಗಿರುತ್ತದೆಂದು ಕಾಣುತ್ತದೆ. ಇದಕ್ಕೆ ಸಾಫ್ಟ್ ಪ್ರೂಫ್ ಎನ್ನುತ್ತಾರೆ. `Shift+Ctrl+Y` ಒತ್ತಿದರೆ ಹರವಿನ ಆಚೆಗಿರುವ ಭಾಗವೆಲ್ಲ ಬೂದಿಬಣ್ಣಕ್ಕೆ ತಿರುಗುತ್ತದೆ. ಮೊದಲ ಪ್ರಾಂಪ್ಟ್‌ನಂಥ ಚಿತ್ರದಲ್ಲಿ ಆಕಾಶದ ಬಹುಭಾಗ ಹೀಗೆ ಬೂದಿಯಾಗುತ್ತದೆ. ಎರಡನೆಯದರಲ್ಲಿ ಅಲ್ಲಲ್ಲಿ ತುಣುಕು ಉಳಿದರೆ ಹೆಚ್ಚು. ಉಳಿದದ್ದನ್ನು ಆರ್‌ಜಿಬಿಯಲ್ಲಿ ಇರುವಾಗಲೇ ಸರಿಮಾಡಬೇಕು: `Hue/Saturation` ತೆರೆದು `Blues` ಆರಿಸಿ, ಹ್ಯೂವನ್ನು −10ರಿಂದ −15ಕ್ಕೆ ಸರಿಸಿ, ಬೂದಿ ಕರಗುವವರೆಗೆ ಸ್ಯಾಚುರೇಶನ್ ಇಳಿಸಿ. ಆಮೇಲಷ್ಟೇ ಸಿಎಂವೈಕೆಗೆ ಬದಲಿಸಿ. ಮೊದಲೇ ಬದಲಿಸಿ ಆಮೇಲೆ ಸರಿಮಾಡಲು ಹೊರಟರೆ ಕಳೆದುಹೋದ ಛಾಯೆಗಳು ಮರಳಿ ಬರುವುದಿಲ್ಲ. ಆಕಾಶ ಮೇಲಿನಿಂದ ಕೆಳಗೆ ತಿಳಿಯಾಗುತ್ತ ಬರಬೇಕಾದ ಕಡೆ ಒಂದೇ ಸಮನಾದ ಬಣ್ಣದ ಪಟ್ಟಿ ಕಂಡರೆ ಛಾಯೆಗಳು ಕತ್ತರಿಸಿಹೋಗಿವೆ ಎಂದರ್ಥ. ಆಗ ಹೊರಗಿನ ಬಣ್ಣಗಳನ್ನು ಹರವಿನೊಳಗೆ ತರುವ ಬಗೆಯನ್ನು ಆರಿಸುವ ರೆಂಡರಿಂಗ್ ಇಂಟೆಂಟ್‌ನಲ್ಲಿ `Relative Colorimetric` ಬದಲು `Perceptual` ಆರಿಸಿ ನೋಡಬಹುದು. ಅದು ಹೊರಗಿನ ಬಣ್ಣಗಳನ್ನಷ್ಟೇ ಕತ್ತರಿಸದೆ ಇಡೀ ಚಿತ್ರವನ್ನು ಸ್ವಲ್ಪ ಸ್ವಲ್ಪ ಕುಗ್ಗಿಸುತ್ತದೆ.

ಗಾಢ ಆಕಾಶಕ್ಕೆ ಇನ್ನೊಂದು ಅಪಾಯ ಇದೆ. ನಾಲ್ಕೂ ಇಂಕ್‌ಗಳ ಶೇಕಡಾವಾರು ಕೂಡಿಸಿ ನೋಡಿ. ಆರ್ಟ್ ಪೇಪರ್‌ಗೆ 300ರಿಂದ 330 ಮೀರಿದರೆ ಇಂಕ್ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಹೊಳಪಿಲ್ಲದ ಕಾರ್ಡ್ ಇನ್ನೂ ಕಡಿಮೆ ತಾಳುತ್ತದೆ, ಮೇಲಾಗಿ ಇಂಕ್ ಹೀರಿ ಚುಕ್ಕೆಗಳು ಹಿಗ್ಗಿ ಚಿತ್ರ ಕಪ್ಪಿಡುತ್ತದೆ. ಇಂಥ ಆಕಾಶದ ಮೇಲೆ ಸಣ್ಣ ಬಿಳಿ ಕನ್ನಡ ಅಕ್ಷರ ಬಿಡುವುದು ಬೇಡ. ನಾಲ್ಕು ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಮೊದಲು ಮುಚ್ಚಿಹೋಗುವುದು ಒತ್ತಕ್ಷರಗಳು. ಅಕ್ಷರಗಳನ್ನು ಚಿತ್ರದೊಳಗೆ ಬರೆಸದೆ ಕೋರೆಲ್‌ನಲ್ಲಿ ಬೇರೆಯಾಗಿ ಕೂರಿಸಿ, ತಿಳಿ ಹಿನ್ನೆಲೆಯ ಮೇಲೆ, ಕಪ್ಪು ಒಂದೇ ಇಂಕ್‌ನ ಶೇ. 100ರಲ್ಲಿ ಇಡಿ.

ಗಿರಾಕಿಗೆ ಒಪ್ಪಿಗೆಗಾಗಿ ಕಳಿಸುವ ಚಿತ್ರವೂ ಸಾಫ್ಟ್ ಪ್ರೂಫ್ ಆದದ್ದೇ ಇರಲಿ. ಈಚಿನ ಫೋನ್‌ಗಳ ಪರದೆ ಎಸ್‌ಆರ್‌ಜಿಬಿಗಿಂತ ಹಿರಿದಾದ ಹರವಿನದು, ವಿವಿಡ್ ಮೋಡ್ ಹಾಕಿಟ್ಟವರ ಫೋನ್‌ನಲ್ಲಂತೂ ಎಲ್ಲ ನೀಲಿಯೂ ಮಿರುಗುತ್ತದೆ. ಪಕ್ಕದ ಡಿಜಿಟಲ್ ಅಂಗಡಿಯಲ್ಲಿ ತೆಗೆದ ಕಲರ್ ಪ್ರಿಂಟನ್ನೂ ಆಫ್‌ಸೆಟ್‌ಗೆ ಅಳತೆಗೋಲಾಗಿ ಹಿಡಿಯಲಾಗದು. ಆ ಯಂತ್ರದ ಟೋನರ್ ಬೇರೆ, ಹರವೂ ಬೇರೆ. ಕೆಲಸ ದೊಡ್ಡದಿದ್ದರೆ ಪ್ರೆಸ್‌ನ ಪ್ರೊಫೈಲ್‌ನಲ್ಲಿ ತೆಗೆದ ಪ್ರೂಫ್ ಕೇಳಿ, ಅದನ್ನು ಹಗಲು ಬೆಳಕಿನಲ್ಲಿ ನೋಡಿ.

ಅದೇ ನೀಲಿ ಬೇಕೇ ಬೇಕು, ಸಂಸ್ಥೆಯ ಲಾಂಛನದ ಬಣ್ಣ ಅದು ಎನ್ನುವವರಿಗೆ ಸಿಎಂವೈಕೆ ಒಳಗೆ ದಾರಿಯಿಲ್ಲ. ಐದನೆಯ ಪ್ಲೇಟ್ ಹಾಕಿಸಿ, ಮೊದಲೇ ಬೆರೆಸಿದ ನೀಲಿ ಇಂಕನ್ನು ಸ್ಪೆಷಲ್ ಕಲರ್ ಆಗಿ ಹೊಡೆಸಬೇಕು. ಮೈಸೂರಿನ ನೋಟು ಮುದ್ರಣಾಲಯದಲ್ಲಿ ಅಚ್ಚಾಗುವ ನೋಟುಗಳ ಗೆರೆಗಳೂ ನಾಲ್ಕು ಬಣ್ಣದ ಚುಕ್ಕೆಗಳಿಂದ ಆದವಲ್ಲ, ಬೆರೆಸಿಟ್ಟ ಇಂಕ್‌ಗಳಿಂದ ಆದವು. ಭೂತಗನ್ನಡಿ ಹಿಡಿದರೆ ಕಾಣುತ್ತದೆ. ಸ್ಪೆಷಲ್ ಕಲರ್‌ಗೆ ಖರ್ಚು ಹೆಚ್ಚು, ಮಷಿನ್ ತೊಳೆದು ಇಂಕ್ ಬದಲಿಸಬೇಕಾಗುವುದರಿಂದ ಸಮಯವೂ ಹಿಡಿಯುತ್ತದೆ. ಹಾಗಾಗಿ ಅದನ್ನು ಪ್ಲೇಟ್ ಮಾಡಿಸುವ ಮೊದಲೇ, ದರ ಮಾತಾಡುವಾಗಲೇ ಹೇಳಿಬಿಡಬೇಕು.