ಲೋಗೋ ಟ್ರೇಸ್ ಮಾಡಿದರೆ ಅಂಚು ಯಾಕೆ ಹಲ್ಲುಹಲ್ಲಾಗುತ್ತದೆ?

ಬೆಂಗಳೂರಿನ ಸ್ಟಿಕ್ಕರ್ ಕಟಿಂಗ್ ಅಂಗಡಿಗಳಿಗೆ ಲೋಗೋ ಬರುವುದು ಹೆಚ್ಚಾಗಿ ವಾಟ್ಸಾಪ್‌ನಲ್ಲಿ, ಪುಟ್ಟ ಜೆಪೆಗ್ ಆಗಿ. ಸ್ಟಿಕ್ಕರ್ ಕತ್ತರಿಸುವ ಯಂತ್ರವಾದ ಪ್ಲಾಟರ್‌ನ ಬ್ಲೇಡಿಗೆ ಪಿಕ್ಸೆಲ್ ಗೊತ್ತಿಲ್ಲ, ಅದಕ್ಕೆ ಗೆರೆ ಬೇಕು. ಹಾಗಾಗಿ ಟ್ರೇಸ್ ಮಾಡಲೇಬೇಕು, ಅಂದರೆ ಚಿತ್ರದ ಅಂಚನ್ನು ಗೆರೆಯಾಗಿ ಬದಲಿಸಬೇಕು.

ಆ ಗೆರೆಯ ಗಣಿತ ಹುಟ್ಟಿದ್ದು ಫ್ರಾನ್ಸಿನ ಕಾರ್ ಕಂಪನಿಗಳಲ್ಲಿ. ಸಿಟ್ರೊಯೆನ್‌ನಲ್ಲಿ ಪಾಲ್ ದ ಕಾಸ್ತೆಲ್ಜೋ 1959ರಲ್ಲಿ ಅದನ್ನು ಕಂಡುಕೊಂಡರು. ಹೆಸರು ಉಳಿದದ್ದು ಮಾತ್ರ ರೆನೋದ ಪಿಯರ್ ಬೆಝಿಯೆ ಅವರದ್ದು. ನೋಡ್ ಅನ್ನುವ ಕೆಲವೇ ಬಿಂದು, ಅವುಗಳಿಂದ ಹೊರಟು ಗೆರೆಯನ್ನು ಬಾಗಿಸುವ ಹ್ಯಾಂಡಲ್, ಅಷ್ಟರಲ್ಲೇ ನುಣುಪಾದ ತಿರುವು. ಇಂಥ ಗೆರೆಗಳಲ್ಲೇ ಚಿತ್ರ ಉಳಿಸುವ ಎಸ್‌ವಿಜಿ 2001ರಲ್ಲಿ ವೆಬ್‌ನ ಮಾನದಂಡವಾಯಿತು. ಅದೇ ವರ್ಷ ಪೀಟರ್ ಸೆಲಿಂಗರ್ ಅವರ ಟ್ರೇಸ್ ತಂತ್ರಾಂಶ ಪೋಟ್ರೇಸ್ ಕೂಡ ಹೊರಬಂತು. ಗೆರೆಚಿತ್ರದ ತಂತ್ರಾಂಶ ಇಂಕ್‌ಸ್ಕೇಪ್‌ನ Trace Bitmap ಒಳಗೆ ಇವತ್ತಿಗೂ ದುಡಿಯುವುದು ಅದೇ.

ತೊಂದರೆ ಶುರುವಾಗುವುದೂ ಇಲ್ಲೇ. ಪೋಟ್ರೇಸ್ ನೋಡುವುದು ಕಪ್ಪು, ಬಿಳಿ ಎರಡನ್ನೇ. ಅಂಚಿನ ಬೂದು ಪಿಕ್ಸೆಲ್‌ಗಳನ್ನು ಯಾವುದಾದರೂ ಒಂದು ಕಡೆಗೆ ತಳ್ಳಿಬಿಡುತ್ತದೆ. ಆದರೆ ಗೆರೆ ನಿಜವಾಗಿ ಎಲ್ಲಿ ಹಾದುಹೋಗುತ್ತದೆ ಅನ್ನುವ ಸುಳಿವು ಇರುವುದೇ ಆ ಬೂದಿನಲ್ಲಿ, ಅಲ್ವಾ? ಅದು ಹೋದರೆ ಉಳಿಯುವುದು ಮೆಟ್ಟಿಲು. ಜೊತೆಗೆ ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕುಗ್ಗಿಸುತ್ತದೆ. ಅದರಿಂದ ಅಂಚಿನ ಸುತ್ತ ಎದ್ದ ಕೊಳೆಗೂ ನೋಡ್ ಬೀಳುತ್ತದೆ.

‘ಪಾಠಶಾಲೆ’ ಅನ್ನುವ ಬೋರ್ಡಿನ ‘ಠ’ ತೆಗೆದುಕೊಳ್ಳಿ. ದುಂಡು ಉಂಗುರ, ನಡುವೆ ಚುಕ್ಕಿ. ನೇರವಾಗಿ ಟ್ರೇಸ್ ಮಾಡಿದರೆ ಸುತ್ತಲೂ ಹತ್ತಾರು ನೋಡ್ ಮುತ್ತಿಕೊಳ್ಳುತ್ತವೆ, ಬ್ಲೇಡು ಒಂದೊಂದರಲ್ಲೂ ತಡವರಿಸುತ್ತದೆ. ಮೊದಲು ಫೋಟೋ ತಿದ್ದುವ ಗಿಂಪ್‌ನಲ್ಲಿ ಕ್ಯೂಬಿಕ್ ಆಯ್ಕೆಯಿಂದ ನಾಲ್ಕು ಪಟ್ಟು ದೊಡ್ಡದು ಮಾಡಿ, ಆಮೇಲೆ ಕಪ್ಪು ಬಿಳಿ ಮಾಡುವ Threshold ಹಾಕಿ. ಹೀಗೆ ಮಾಡಿದರೆ ಬೂದಿನ ಸುಳಿವು ಉಳಿದು ಅಂಚು ನುಣುಪಾಗುತ್ತದೆ. ಟ್ರೇಸ್ ಮಾಡುವಾಗ Speckles ಏರಿಸಿದರೆ ಚೂರುಪಾರು ಕೊಳೆ ಹೋಗುತ್ತದೆ. ಜಾಸ್ತಿ ಏರಿಸಿದರೆ ಸಣ್ಣ ಚುಕ್ಕಿಯೂ ಅದರ ಜೊತೆ ಮಾಯವಾಗಬಹುದು, ನೋಡಿಕೊಳ್ಳಿ.

ನೋಡ್ ಇಳಿಸಲು ಎಲ್ಲರೂ ಇಂಕ್‌ಸ್ಕೇಪ್‌ನಲ್ಲಿ Ctrl+L, ಅಂದರೆ Simplify ಒತ್ತುತ್ತಾರೆ. ಒಂದು ಸಲ ಸರಿ. ಬೆನ್ನುಬೆನ್ನಿಗೆ ಒತ್ತಿದರೆ ಅದರ ಬಿಗಿ ಪ್ರತಿ ಸಲ ಹೆಚ್ಚುತ್ತದೆ, ‘ಠ’ ಸೊಟ್ಟ ಆಲೂಗಡ್ಡೆಯಾಗುತ್ತದೆ. ದುಂಡಗಿನ ಭಾಗವನ್ನು ಕೈಯಲ್ಲೇ ಕಟ್ಟುವುದು ನನ್ನ ಮಟ್ಟಿಗೆ ಉತ್ತಮ. ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ನೋಡ್. ಹ್ಯಾಂಡಲ್‌ಗಳು ಪೂರ್ತಿ ಅಡ್ಡ ಅಥವಾ ಪೂರ್ತಿ ನೆಟ್ಟಗೆ, ಉದ್ದ ತ್ರಿಜ್ಯದ ಸುಮಾರು 0.55 ಪಾಲು. ವೃತ್ತಕ್ಕೆ ಇಷ್ಟು ಸಾಕು, ಕಣ್ಣಿಗೆ ತಪ್ಪು ಕಾಣುವುದೇ ಇಲ್ಲ. ಉಂಗುರದ ಹೊರಗೆರೆ, ಒಳಗೆರೆ, ಚುಕ್ಕಿ ಮೂರಕ್ಕೂ ಸೇರಿ 12 ನೋಡ್.

ಚಿತ್ರದಲ್ಲಿ ಅಕ್ಷರದ ಎತ್ತರವೇ 20 ಪಿಕ್ಸೆಲ್ ಇದ್ದರೆ ಟ್ರೇಸ್‌ಗೆ ಕೈ ಹಾಕಬೇಡಿ. ಅಷ್ಟರಲ್ಲಿ ‘ಪ’ದಿಂದ ‘ಷ’ವನ್ನು ಬೇರೆ ಮಾಡುವ ಗೆರೆಯೇ ಕರಗಿ ಹೋಗಿರುತ್ತದೆ. ಅದೇ ಫಾಂಟ್ ಹುಡುಕಿ ಹೆಸರನ್ನು ಹೊಸದಾಗಿ ಟೈಪ್ ಮಾಡಿ, ಅಕ್ಷರವನ್ನು ಗೆರೆಯಾಗಿಸುವ Object to Path ಕೊಡಿ.