‘ಸ್ವೆಲ್’ ಅಂದರೆ ಉಬ್ಬರ ಅಲ್ಲ

ಮಂಗಳೂರಿನ ದಕ್ಕೆಯಲ್ಲಿ ಕೆಲವು ದೋಣಿಗಳವರಿಗೆ ನಾನು ಹವಾಮಾನದ ಮುನ್ಸೂಚನೆಯನ್ನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ. ಇಂಗ್ಲಿಷಿನಲ್ಲಿ ಬರುವುದು ನಾಲ್ಕೇ ಸಾಲು. ಆದರೆ ಅದರಲ್ಲಿ ಒಂದು ಪದ ತಪ್ಪಿದರೂ ಸಮುದ್ರದಲ್ಲಿ ಇರುವವರ ಲೆಕ್ಕ ತಪ್ಪುತ್ತದೆ. ಇದು ನನಗೆ ಗೊತ್ತಾಗಿದ್ದು ‘ಸ್ವೆಲ್’ ಎಂಬ ಪದದಿಂದ.

ಮೊದಲ ಬಾರಿ ನಾನು ಅದನ್ನು ‘ಉಬ್ಬರದ ಅಲೆ’ ಎಂದು ಬರೆದಿದ್ದೆ. ಸ್ವೆಲ್ ಅಂದರೆ ಉಬ್ಬುವುದು, ಹಾಗಾಗಿ ಉಬ್ಬರ, ಅಷ್ಟೇ ನನ್ನ ಯೋಚನೆ. ಸಂಜೆ ದೋಣಿ ನಡೆಸುವ ಒಬ್ಬ ಹಿರಿಯ ತಾಂಡೇಲರು ಫೋನ್ ಮಾಡಿದರು.

“ಉಬ್ಬರ ಜಾಸ್ತಿ ಅಂದ್ರೆ ನಮಗೆ ಒಳ್ಳೇದಲ್ವಾ ಮಾರಾಯ್ರೆ? ಅಳಿವೆಯಲ್ಲಿ ನೀರು ತುಂಬಿರ್ತದೆ, ದೋಣಿ ಸಲೀಸಾಗಿ ಒಳಗೆ ಬರ್ತದೆ. ಅದಕ್ಕೆ ಎಚ್ಚರಿಕೆ ಯಾಕೆ?”

ಅವರು ಕೇಳಿದ್ದು ಸರಿ. ಕರಾವಳಿಯಲ್ಲಿ ಉಬ್ಬರ ಅಂದರೆ ದಿನಕ್ಕೆ ಎರಡು ಸಲ ನೀರು ಏರುವುದು. ಅದಕ್ಕೆ ಕಾರಣ ಚಂದ್ರ, ಸೂರ್ಯ. ಸ್ವೆಲ್‌ಗೆ ಕಾರಣ ಗಾಳಿ. ಅದೂ ಇಲ್ಲಿಯ ಗಾಳಿಯಲ್ಲ, ಬೇರೆಲ್ಲೋ ಬೀಸಿದ ಗಾಳಿ. ಎಚ್ಚರಿಕೆ ಎಂದು ನಾನು ಕಳಿಸಿದ ಪದ ಅವರ ಕಿವಿಗೆ ‘ಧೈರ್ಯವಾಗಿ ಬನ್ನಿ’ ಎಂದು ಕೇಳಿಸಿತ್ತು.

ಆಮೇಲೆ ನಾನು ಆರಿಸಿಕೊಂಡ ಪದ ‘ದೂರದ ತೆರೆ’. ಇದರ ಜೋಡಿ ‘ಗಾಳಿ ತೆರೆ’. ನಮ್ಮ ಮುಂದೆಯೇ ಗಾಳಿ ಎದ್ದು, ಆ ಗಾಳಿಯಿಂದಲೇ ಏಳುವ ಗಿಡ್ಡ, ಚೂಪು, ಅಡ್ಡಾದಿಡ್ಡಿ ಅಲೆ ಗಾಳಿ ತೆರೆ. ಗಾಳಿ ನಿಂತರೆ ಸ್ವಲ್ಪ ಹೊತ್ತಿಗೆ ಅದೂ ಇಳಿಯುತ್ತದೆ. ದೂರದ ತೆರೆ ಹಾಗಲ್ಲ. ಹಿಂದೂ ಮಹಾಸಾಗರದ ತೆಂಕು ತುದಿಯಲ್ಲಿ ಬಿರುಗಾಳಿ ಬೀಸಿ ಎಬ್ಬಿಸಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ, ಐದಾರು ದಿನ ಬಿಟ್ಟು ನಮ್ಮ ದಡಕ್ಕೆ ಬರುತ್ತದೆ. ಆ ಹೊತ್ತಿಗೆ ಇಲ್ಲಿ ಆಕಾಶ ತಿಳಿಯಾಗಿರಬಹುದು, ಗಾಳಿಯೇ ಇಲ್ಲದಿರಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಇದು ಜಾಸ್ತಿ. ಕೇರಳದ ಮೀನುಗಾರರು ಇದು ಏಕಾಏಕಿ ದಡಕ್ಕೆ ನುಗ್ಗುವುದನ್ನು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಕಳ್ಳನ ಹಾಗೆ ಬರುವ ಕಡಲು. ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಎಚ್ಚರಿಕೆಗಳಲ್ಲೂ ಈಗ ಇದೇ ಹೆಸರು ಬಳಕೆಯಲ್ಲಿದೆ. ಕನ್ನಡದವರಿಗೆ ಇದನ್ನು ಅನುವಾದಿಸುವ ಅಗತ್ಯವೇ ಇಲ್ಲ ಅಲ್ವಾ? ‘ಕಳ್ಳಕಡಲು’ ಅಂದರೆ ಸಾಕು.

ದೂರದ ತೆರೆಯ ಜೊತೆ ಮುನ್ಸೂಚನೆಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ‘ಪೀರಿಯಡ್’ ಎಂದು. ಪುಸ್ತಕದ ಕನ್ನಡದಲ್ಲಿ ಅದು ‘ಆವರ್ತ ಕಾಲ’. ದೋಣಿಯವರಿಗೆ ನಾನು ‘ತೆರೆಯಿಂದ ತೆರೆಗೆ ಇಷ್ಟು ಸೆಕೆಂಡು’ ಎಂದೇ ಬರೆಯುತ್ತೇನೆ. ಉದ್ದವಾದರೂ ಚಿಂತೆಯಿಲ್ಲ. ಯಾಕಂದರೆ ಅಪಾಯ ಅಡಗಿರುವುದು ಈ ಅಂಕಿಯಲ್ಲೇ. ಹೆಚ್ಚಿನವರು ಎತ್ತರ ಮಾತ್ರ ನೋಡಿ ಇದನ್ನು ಬಿಟ್ಟುಬಿಡುತ್ತಾರೆ.

ಒಂದು ಲೆಕ್ಕ ನೋಡೋಣ. ಎರಡು ದಿನ, ಎರಡು ಮುನ್ಸೂಚನೆ. ಎರಡರಲ್ಲೂ ಎತ್ತರ 1.5 ಮೀಟರ್. ಮೊದಲ ದಿನ ತೆರೆಯಿಂದ ತೆರೆಗೆ 7 ಸೆಕೆಂಡು, ಎರಡನೇ ದಿನ 17 ಸೆಕೆಂಡು. ಆಳ ಸಮುದ್ರದಲ್ಲಿ 7 ಸೆಕೆಂಡಿನ ತೆರೆಗಳ ನಡುವೆ ಸುಮಾರು 75 ಮೀಟರ್ ಅಂತರ ಇರುತ್ತದೆ. 17 ಸೆಕೆಂಡಿನದ್ದಕ್ಕೆ ಸುಮಾರು 450 ಮೀಟರ್. ಅಷ್ಟು ಅಗಲ ಬೆನ್ನಿನ ತೆರೆಯ ಮೇಲೆ ದೋಣಿ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಹೊರಗೆ ಬಲೆ ಹಾಕುತ್ತಿರುವವರಿಗೆ ‘ಇವತ್ತು ಸಮುದ್ರ ಶಾಂತ’ ಅನ್ನಿಸುತ್ತದೆ.

ಈಗ ಅದೇ ತೆರೆ ಅಳಿವೆ ಬಾಗಿಲಿಗೆ ಬರಲಿ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಜಾಗ. ಮರಳು ತುಂಬಿದ ಕಡೆ 3 ಮೀಟರ್ ನೀರು ಇದೆ ಅಂತಿಟ್ಟುಕೊಳ್ಳಿ. ತೆರೆಗೆ ನೆಲ ತಾಗುತ್ತದೆ, ವೇಗ ಇಳಿಯುತ್ತದೆ. ಹಿಂದಿನಿಂದ ಬರುವ ಶಕ್ತಿ ಹಾಗೇ ಇರುತ್ತದೆ, ಹಾಗಾಗಿ ನೀರು ಮೇಲಕ್ಕೆ ಏಳಲೇಬೇಕು. 7 ಸೆಕೆಂಡಿನ ತೆರೆ ಇಲ್ಲಿಯೂ ಹೆಚ್ಚುಕಡಿಮೆ ಒಂದೂವರೆ ಮೀಟರಿನಲ್ಲೇ ಇರುತ್ತದೆ. 17 ಸೆಕೆಂಡಿನದ್ದು ಸುಮಾರು 2.3 ಮೀಟರಿಗೆ ಏರುತ್ತದೆ. ನೀರಿನ ಆಳದ ಮುಕ್ಕಾಲು ಪಾಲಿಗಿಂತ ತುಸು ಎತ್ತರಕ್ಕೆ ಏಳುತ್ತಿದ್ದಂತೆ ತೆರೆ ಒಡೆಯುತ್ತದೆ. 3 ಮೀಟರಿಗೆ 2.3 ಅಂದರೆ ಸರಿಯಾಗಿ ಆ ಅಂಚಿನಲ್ಲೇ. ಒಂದೇ ಎತ್ತರದ ಮುನ್ಸೂಚನೆ, ಒಂದೇ ಅಳಿವೆ. ಒಂದು ದಿನ ದೋಣಿ ದಾಟುತ್ತದೆ, ಇನ್ನೊಂದು ದಿನ ಅದರ ಹಿಂಬದಿಯಲ್ಲೇ ತೆರೆ ಒಡೆಯುತ್ತದೆ. ಹಿಂದಿನಿಂದ ಹೊಡೆತ ಬಿದ್ದರೆ ಚುಕ್ಕಾಣಿ ಮಾತು ಕೇಳುವುದಿಲ್ಲ. ದೋಣಿ ಅಡ್ಡ ತಿರುಗುತ್ತದೆ, ಮುಂದಿನ ತೆರೆ ಮಗುಚುತ್ತದೆ. ಇಳಿತದ ಹೊತ್ತಾದರೆ ಇನ್ನೂ ಕಷ್ಟ. ಆಳವೂ ಕಡಿಮೆ, ಹೊರಗೆ ಹರಿಯುವ ನದಿ ನೀರು ಎದುರಿಗೆ ಬರುವ ತೆರೆಯನ್ನು ಇನ್ನಷ್ಟು ಕಡಿದಾಗಿಸುತ್ತದೆ.

ಎತ್ತರದ ಅಂಕಿಯಲ್ಲೂ ಒಂದು ಕೊಕ್ಕೆ ಇದೆ. ಮುನ್ಸೂಚನೆಯಲ್ಲಿ ಬರುವುದು ‘ಸಿಗ್ನಿಫಿಕೆಂಟ್ ವೇವ್ ಹೈಟ್’. ‘ಗಮನಾರ್ಹ ಅಲೆಯ ಎತ್ತರ’ ಎಂದು ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ‘ಗರಿಷ್ಠ ಎತ್ತರ’ ಎಂದರಂತೂ ಪೂರಾ ತಪ್ಪು. ನೂರು ತೆರೆ ಅಳೆದು, ಅದರಲ್ಲಿ ದೊಡ್ಡ ಮೂವತ್ತಮೂರನ್ನು ತೆಗೆದು, ಅವುಗಳ ಸರಾಸರಿ ಮಾಡಿದರೆ ಬರುವ ಅಂಕಿ ಅದು. ಅಂದರೆ ಅದಕ್ಕಿಂತ ದೊಡ್ಡ ತೆರೆಗಳು ಇದ್ದೇ ಇರುತ್ತವೆ. ಕೆಲವು ಗಂಟೆಗಳಲ್ಲಿ ಒಂದಾದರೂ ಅದರ ಎರಡರಷ್ಟರ ಹತ್ತಿರ ಬರಬಹುದು. ನಾನು ಈಗ ಹೀಗೆ ಬರೆಯುತ್ತೇನೆ: ‘ದೊಡ್ಡ ತೆರೆಗಳ ಸರಾಸರಿ 1.5 ಮೀಟರ್, ನಡುವೆ ಒಂದೊಂದು 3 ಮೀಟರ್ ತನಕ ಬರಬಹುದು.’ ಎರಡನೇ ಭಾಗ ಮೂಲದಲ್ಲಿ ಇರುವುದಿಲ್ಲ. ಆದರೆ ಮೂಲದ ಪದದ ಒಳಗೆ ಅದು ಇದೆ, ಅದನ್ನು ಬಿಡಿಸಿ ಹೇಳುವುದು ನನ್ನ ಕೆಲಸ.

ಗಾಳಿಯ ಸಾಲು ಇಷ್ಟು ತೊಡಕಿನದ್ದಲ್ಲ. ‘45ರಿಂದ 55 ಕಿ.ಮೀ., ಗಸ್ಟಿಂಗ್ ಟು 65’ ಎಂದಿದ್ದರೆ ‘ಗಾಳಿ ಗಂಟೆಗೆ 45ರಿಂದ 55 ಕಿ.ಮೀ., ನಡುನಡುವೆ ಒಮ್ಮೆಲೇ 65ಕ್ಕೆ ಏರುತ್ತದೆ’ ಎಂದರೆ ಮುಗಿಯಿತು.

ಒಟ್ಟು ಸೇರಿಸಿದರೆ ನಾನು ಕಳಿಸುವ ಸಂದೇಶ ಹೀಗಿರುತ್ತದೆ: “ನಾಳೆ ಬೆಳಗ್ಗಿನಿಂದ ದೂರದ ತೆರೆ. ದೊಡ್ಡ ತೆರೆಗಳ ಸರಾಸರಿ 1.5 ಮೀಟರ್, ಒಂದೊಂದು 3ರ ತನಕ. ತೆರೆಯಿಂದ ತೆರೆಗೆ 17 ಸೆಕೆಂಡು. ಗಾಳಿ ಕಡಿಮೆ. ಹೊರಗೆ ಶಾಂತ ಕಾಣಬಹುದು, ಅಳಿವೆಯಲ್ಲಿ ಒಡೆಯುತ್ತದೆ.” ಕೊನೆಯ ವಾಕ್ಯವನ್ನು ಧ್ವನಿ ಸಂದೇಶದಲ್ಲೂ ಎರಡು ಸಲ ಹೇಳುತ್ತೇನೆ.

ಅದರ ಕೆಳಗೆ ಸುರಕ್ಷತೆಯ ಟಿಪ್ಪಣಿ. ನಾಡದೋಣಿಯವರು ಇಂಥ ದಿನ ಹೋಗದಿರುವುದೇ ಒಳ್ಳೆಯದು. ದಡದಲ್ಲಿರುವ ದೋಣಿಯನ್ನು ಮೇಲಕ್ಕೆ ಎಳೆದಿಡಿ. ದಕ್ಕೆಯಲ್ಲಿ ಕಟ್ಟಿದವುಗಳ ನಡುವೆ ಜಾಗ ಬಿಡಿ, ಇಲ್ಲದಿದ್ದರೆ ಒಂದಕ್ಕೊಂದು ಬಡಿಯುತ್ತವೆ. ಹೊರಗಿದ್ದವರು ಅಳಿವೆಯ ಮುಂದೆ ಇಪ್ಪತ್ತು ನಿಮಿಷ ನಿಂತು ನೋಡಿ. ದೂರದ ತೆರೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವು ಇರುತ್ತದೆ. ಐದು ನಿಮಿಷ ನೋಡಿ ‘ತೆರೆಯೇ ಇಲ್ಲ’ ಅಂದುಕೊಂಡರೆ ನೀವು ನೋಡಿದ್ದು ಬರೀ ಬಿಡುವು. ನೀರು ಏರುವಾಗ ಒಳಗೆ ಬನ್ನಿ, ಇಳಿತದಲ್ಲಿ ಬೇಡ. ಬಿಳಿ ನೊರೆ ಅಡ್ಡಕ್ಕೆ ಪೂರ್ತಿ ಹರಡಿದ್ದರೆ ಹೊರಗೇ ಇರಿ, ಅಲ್ಲಿ ನೀರು ಆಳ ಇದೆ. ದಾಟುವ ಮೊದಲು ಎಲ್ಲರೂ ಲೈಫ್ ಜಾಕೆಟ್ ಹಾಕಿ, ಯಾರೂ ಕ್ಯಾಬಿನ್ ಒಳಗೆ ಮಲಗಿರಬಾರದು. ತೊಂದರೆಯಾದರೆ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093.